ಲೆಕ್ಕದ ಪುಸ್ತಕ ಕೈಯಲ್ಲಿಲ್ಲದಾಗ ಬಯೋಡೇಟಾಗೆ ಅಂಕಿ ಎಲ್ಲಿಂದ ತರುವುದು?

(ಉಡುಪಿಯಲ್ಲಿ, ಕೆಲಸ ಬದಲಿಸಲು ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಕೆಲವರು ಬಯೋಡೇಟಾ ಮೊದಲೇ ಕೊಟ್ಟಿದ್ದಿರಿ. ಓದಿಕೊಂಡೇ ಬಂದಿದ್ದೇನೆ. ಹೆಚ್ಚಿನವುಗಳಲ್ಲಿ ಒಂದೇ ಬಗೆಯ ಸಾಲು ಉಂಟು. "ವಿಭಾಗದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆ." "ಗುಣಮಟ್ಟ ಸುಧಾರಿಸಲು ಶ್ರಮಿಸಿದ್ದೇನೆ." ಎಷ್ಟು ಜನರ ವಿಭಾಗ? ಗುಣಮಟ್ಟ ಎಲ್ಲಿದ್ದದ್ದು ಎಲ್ಲಿಗೆ ಬಂತು? ಅದು ಮಾತ್ರ ಇಲ್ಲ. ಯಾಕೆ ಬರೆದಿಲ್ಲ ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ: "ಸರಿಯಾದ ಲೆಕ್ಕ ನನ್ನ ಹತ್ತಿರ ಇಲ್ಲ ಸರ್, ಅದೆಲ್ಲ ಆಫೀಸಿನಲ್ಲಿ ಇರ್ತಿತ್ತು."

ಆ ಮಾತು ನಿಜ. ಆದರೆ ಅಲ್ಲಿಂದ ಮುಂದೆ ಜನ ಎರಡು ದಾರಿ ಹಿಡಿಯುತ್ತಾರೆ. ಒಂದು, ಅಂಕಿಯೇ ಬೇಡ ಅಂತ ಬಿಟ್ಟುಬಿಡುವುದು. ಇನ್ನೊಂದು, ಯಾರೋ ಹೇಳಿದರು ಅಂತ "ಶೇ 40 ಸುಧಾರಣೆ" ಅಂತ ಸುಮ್ನೆ ಹಾಕುವುದು. ಮೊದಲನೆಯದರಿಂದ ನಿಮ್ಮ ಕೆಲಸ ಕಾಣುವುದಿಲ್ಲ. ಎರಡನೆಯದು ಸುಳ್ಳು. ಇವೆರಡರ ನಡುವೆ ಮೂರನೆಯ ದಾರಿ ಉಂಟು: ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದನ್ನು ಹಿಡಿದು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಪ್ರಾಮಾಣಿಕವಾಗಿ ಅಂದಾಜು ಮಾಡುವುದು. ಇವತ್ತು ಅದನ್ನು ಒಂದೇ ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೆ ಮಾಡಿ ನೋಡೋಣ.

ಉದಾಹರಣೆಗೆ ನಮ್ಮ ಊರಿನದ್ದೇ ಕೆಲಸ ತೆಗೆದುಕೊಳ್ಳುತ್ತೇನೆ, ಗೇರುಬೀಜದ ಫ್ಯಾಕ್ಟರಿ. ಕಾರ್ಕಳ, ಕುಂದಾಪುರ, ಮಂಗಳೂರು ಕಡೆಯ ಎಷ್ಟೋ ಮನೆಗಳಿಗೆ ಈ ಕೆಲಸ ಗೊತ್ತು. ಒಬ್ಬ ಅಕ್ಕ ಗ್ರೇಡಿಂಗ್ ಮತ್ತು ಪ್ಯಾಕಿಂಗ್ ವಿಭಾಗದಲ್ಲಿ ಕೆಲವು ವರ್ಷ ಸೂಪರ್‌ವೈಸರ್ ಆಗಿದ್ದರು ಅಂತ ಇಟ್ಟುಕೊಳ್ಳಿ. ಈಗ ಬೈಕಂಪಾಡಿಯ ಒಂದು ಆಹಾರ ತಯಾರಿಕಾ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ. ಇವರು ಒಬ್ಬ ನಿಜವಾದ ವ್ಯಕ್ತಿ ಅಲ್ಲ. ಹಾಗೆಯೇ ಅವರ ನೆನಪಿನದ್ದು ಅಂತ ನಾನು ಹೇಳುವ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಗೇರುಬೀಜ ವ್ಯಾಪಾರದ ಅಳತೆಗಳು ಮಾತ್ರ ನಿಜವಾದವು.

ಈ ಅಕ್ಕನ ಬಯೋಡೇಟಾದಲ್ಲಿ ಒಂದೇ ಸಾಲು: "ಗ್ರೇಡಿಂಗ್ ವಿಭಾಗದ ಸೂಪರ್‌ವೈಸರ್ ಆಗಿ ಕೆಲಸ ಮಾಡಿದ್ದೇನೆ."

ಮೊದಲ ಪ್ರಶ್ನೆ, ಎಷ್ಟು ದೊಡ್ಡ ಕೆಲಸ? ದಿನಕ್ಕೆ ಎಷ್ಟು ಮಾಲು ಇವರ ಕೈ ದಾಟಿ ಹೋಗುತ್ತಿತ್ತು? ನೇರವಾಗಿ ಕೇಳಿದರೆ "ಗೊತ್ತಿಲ್ಲ, ತುಂಬಾ ಇರ್ತಿತ್ತು" ಅನ್ನುತ್ತಾರೆ. ಹಾಗಾಗಿ ಗೊತ್ತಿಲ್ಲದ್ದನ್ನು ಕೇಳಬಾರದು, ಕಣ್ಣಾರೆ ಕಂಡದ್ದನ್ನು ಕೇಳಬೇಕು. ವಾರಕ್ಕೆ ಎಷ್ಟು ಲೋಡ್ ಹೋಗುತ್ತಿತ್ತು? "ಎರಡು." ಒಂದು ಲೋಡಿಗೆ ಎಷ್ಟು ಬಾಕ್ಸ್? "ಒಂದೊಂದು ಸಲ 150, ಜಾಸ್ತಿ ಅಂದ್ರೆ 200." ಇದನ್ನು ಅವರು ಯೋಚನೆ ಮಾಡದೆ ಹೇಳಬಲ್ಲರು. ಯಾಕೆಂದರೆ ಲೋಡ್ ಮಾಡಿಸುವಾಗ ಎಣಿಸಿದ್ದು ಅವರೇ.

ಒಂದು ಬಾಕ್ಸಿನಲ್ಲಿ ಎಷ್ಟು ತೂಕ ಅನ್ನುವುದಕ್ಕೆ ನೆನಪು ಬೇಡ. ಈ ವ್ಯಾಪಾರದ ಹಳೆಯ ಅಳತೆ 25 ಪೌಂಡಿನ ಡಬ್ಬಿ, ಅಂದರೆ 11.34 ಕಿಲೋ. ಅಂಥ ಎರಡು ಸೇರಿದರೆ ಒಂದು ಬಾಕ್ಸ್, 22.68 ಕಿಲೋ. ಡಬ್ಬಿ ಹೋಗಿ ವ್ಯಾಕ್ಯೂಮ್ ಚೀಲ ಬಂದ ಮೇಲೂ ಈ ತೂಕ ಹಾಗೇ ಉಳಿದಿದೆ. ಈಗ ಲೆಕ್ಕ ಸುಲಭ. ವಾರಕ್ಕೆ 300ರಿಂದ 400 ಬಾಕ್ಸ್. ಅಂದರೆ ಸುಮಾರು 6,800ರಿಂದ 9,070 ಕಿಲೋ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 1,130ರಿಂದ 1,510 ಕಿಲೋ.

ಇಲ್ಲಿಗೇ ನಿಲ್ಲಿಸಬೇಡಿ. ಒಂದು ದಾರಿಯಲ್ಲಿ ಸಿಕ್ಕ ಅಂದಾಜನ್ನು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ದಾರಿಯಲ್ಲಿ ಪರೀಕ್ಷೆ ಮಾಡಬೇಕು. ಮೊದಲ ಲೆಕ್ಕ ಹೊರಗೆ ಹೋದ ಬಾಕ್ಸಿನಿಂದ ಬಂತು. ಎರಡನೆಯದನ್ನು ಒಳಗೆ ಬಂದ ಬೀಜದಿಂದ ಮಾಡೋಣ. ದಿನಕ್ಕೆ ಎಷ್ಟು ಗೋಣಿ ಬೀಜ ಬೇಯಿಸುತ್ತಿದ್ದರು? ಬೇಯಿಸುವ ಕಡೆಯವರು ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿಕೊಳ್ಳುತ್ತಿದ್ದ ಮಾತು ನೆನಪಿದೆ: "ಇವತ್ತು ಅರವತ್ತು", "ಇವತ್ತು ಎಪ್ಪತ್ತು". ಒಂದು ಗೋಣಿ ಅಂದರೆ 80 ಕಿಲೋ ಹಸಿ ಬೀಜ. ಅದರಿಂದ ಬೀಜದ ಗುಣ ನೋಡಿಕೊಂಡು ಸುಮಾರು 20ರಿಂದ 23 ಕಿಲೋ ತಿರುಳು ಸಿಗುತ್ತದೆ. ಕಡಿಮೆ ಕಡೆಯಿಂದ 60 ಗೋಣಿಗೆ 20 ಕಿಲೋ ಹಿಡಿದರೆ 1,200 ಕಿಲೋ. ಹೆಚ್ಚಿನ ಕಡೆಯಿಂದ 70 ಗೋಣಿಗೆ 23 ಕಿಲೋ ಹಿಡಿದರೆ 1,610 ಕಿಲೋ.

ಎರಡು ದಾರಿಗಳೂ ಹತ್ತಿರ ಬಂದವು ಅಲ್ವಾ? ಎರಡಕ್ಕೂ ಒಪ್ಪಿಗೆ ಆಗುವ ಜಾಗ 1.2ರಿಂದ 1.5 ಟನ್. ಅದನ್ನೇ ಬರೆಯಿರಿ. ಒಂದು ವೇಳೆ ಒಂದು ದಾರಿಯಲ್ಲಿ 1.2 ಟನ್, ಇನ್ನೊಂದರಲ್ಲಿ 3 ಟನ್ ಬಂದಿದ್ದರೆ ಯಾವುದೋ ನೆನಪು ತಪ್ಪಿದೆ ಅಂತ ಅರ್ಥ. ಆಗ ಎರಡರ ಸರಾಸರಿ ತೆಗೆದು 2.1 ಟನ್ ಅಂತ ಬರೆಯುವುದು ಸರಿಯಲ್ಲ. ಯಾವ ನೆನಪು ತಪ್ಪು ಅಂತ ಹುಡುಕಬೇಕು. ಸಿಗದಿದ್ದರೆ ಆ ಅಂಕಿಯನ್ನೇ ಬಿಡಬೇಕು.

ನೆನಪು ಎಲ್ಲಿ ಮೋಸ ಮಾಡುತ್ತದೆ ಅಂತಲೂ ಹೇಳಿಬಿಡುತ್ತೇನೆ. ನಮಗೆ ಜೋರಾಗಿ ನೆನಪಿರುವುದು ಗಡಿಬಿಡಿಯ ದಿನಗಳು. ಗೇರುಬೀಜದ ಕೆಲಸದಲ್ಲಿ ದೀಪಾವಳಿಗೆ ಮುಂಚಿನ ವಾರಗಳು ಹಾಗೆ. ಆರ್ಡರ್ ಮೇಲೆ ಆರ್ಡರ್, ಓವರ್‌ಟೈಮ್, ರಾತ್ರಿವರೆಗೆ ಪ್ಯಾಕಿಂಗ್. "ವಾರಕ್ಕೆ ಎಷ್ಟು ಲೋಡ್" ಅಂದ ಕೂಡಲೇ ಮನಸ್ಸು ಅಲ್ಲಿಗೆ ಓಡಿ "ನಾಲ್ಕು" ಅಂತ ಹೇಳಿಬಿಡುತ್ತದೆ. ಅದು ಸುಳ್ಳಲ್ಲ, ಆದರೆ ವರ್ಷದ ಲೆಕ್ಕವೂ ಅಲ್ಲ. ಅದಕ್ಕೆ ನಾನು ಯಾವಾಗಲೂ ಕೇಳುವುದು, ಹಬ್ಬ ಇಲ್ಲದ ತಿಂಗಳಿನ ಒಂದು ಸಾಧಾರಣ ವಾರ ಹೇಗಿತ್ತು ಅಂತ. ಗಡಿಬಿಡಿಯ ದಿನದ ಅಂಕಿ ಬರೆಯಲೇಬೇಕು ಅಂದರೆ "ಹಬ್ಬದ ಸಮಯದಲ್ಲಿ" ಅಂತ ಜೊತೆಗೇ ಬರೆಯಿರಿ.

ಇನ್ನೊಂದು ಎಚ್ಚರಿಕೆ. ಅಂದಾಜಿನ ಮೇಲೆ ಅಂದಾಜು ಗುಣಿಸುತ್ತಾ ಹೋಗಬೇಡಿ. ಕಡಿಮೆಗೂ ಹೆಚ್ಚಿಗೂ ಎರಡು ಪಟ್ಟು ಅಂತರ ಇರುವ ಮೂರು ಊಹೆಗಳನ್ನು ಗುಣಿಸಿದರೆ ಕೊನೆಯಲ್ಲಿ ಅಂತರ ಎಂಟು ಪಟ್ಟು ಆಗುತ್ತದೆ. "1ರಿಂದ 8 ಲಕ್ಷ ರೂಪಾಯಿ ಉಳಿಸಿದೆ" ಅಂದರೆ ಕೇಳುವವರಿಗೆ ಏನೂ ತಿಳಿಯಲಿಲ್ಲ. ಹೆಚ್ಚಿನವರು ರೂಪಾಯಿ ಲೆಕ್ಕದಲ್ಲಿ ಎಡವುವುದು ಇಲ್ಲೇ. ಸಮಯ ಊಹೆ, ಕೂಲಿ ಊಹೆ, ಮಾಲಿನ ದರ ಊಹೆ. ನಿಮ್ಮ ಕೈಯಲ್ಲಿ ದರ ಇಲ್ಲದಿದ್ದರೆ ರೂಪಾಯಿಗೆ ಹೋಗಲೇಬೇಡಿ. ಬಾಕ್ಸ್, ಕಿಲೋ, ಜನ, ದಿನ, ಇಷ್ಟರಲ್ಲೇ ಹೇಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಅಕ್ಕ ಅಲ್ಲಿ ಏನು ಬದಲಾಯಿಸಿದರು? ಇದನ್ನು ಹೇಳಲು ಗ್ರೇಡಿಂಗ್ ಟೇಬಲ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು.

ಗೇರುಬೀಜದ ಇಡೀ ತಿರುಳಿಗೆ ಗಾತ್ರದ ಮೇಲೆ ಗ್ರೇಡ್ ಕೊಡುತ್ತಾರೆ: 180, 210, 240, 320, 450. ಈ ಸಂಖ್ಯೆ ಏನು ಅಂದರೆ ಒಂದು ಪೌಂಡಿನಲ್ಲಿ, ಅಂದರೆ 454 ಗ್ರಾಂನಲ್ಲಿ, ಎಷ್ಟು ತಿರುಳು ಇರಬಹುದು ಅನ್ನುವ ಮೇಲಿನ ಮಿತಿ. ಸಂಖ್ಯೆ ಚಿಕ್ಕದಾದಷ್ಟು ಬೀಜ ದೊಡ್ಡದು, ದರವೂ ಜಾಸ್ತಿ. 240 ಅಂದರೆ 220ರಿಂದ 240 ತಿರುಳು. 320 ಅಂದರೆ 300ರಿಂದ 320. ಗಮನಿಸಿ, ದೇಶ ವಿದೇಶಗಳಿಗೆ ಹೋಗುವ ಮಾಲಿನ ಗ್ರೇಡು ಕೂಡ ಒಂದೇ ಅಂಕಿ ಅಲ್ಲ, "ಇಷ್ಟರಿಂದ ಇಷ್ಟು" ಅನ್ನುವ ಲೆಕ್ಕ. ಹಾಗಾಗಿ ಬಯೋಡೇಟಾದಲ್ಲಿ "1.2ರಿಂದ 1.5 ಟನ್" ಅಂತ ಬರೆದರೆ ಗೊತ್ತಿಲ್ಲದವರ ಹಾಗೆ ಕಾಣುತ್ತೇವೆ ಅನ್ನುವ ಅಂಜಿಕೆ ಬೇಡ.

ಲೋಡ್ ಹೋಗುವ ಮೊದಲು ಒಂದು ತಪಾಸಣೆ ಇರುತ್ತಿತ್ತು. ಹತ್ತು ಬಾಕ್ಸ್ ಆರಿಸಿ, ಪ್ರತಿಯೊಂದರಿಂದ 454 ಗ್ರಾಂ ತೂಗಿ, ತಟ್ಟೆಯಲ್ಲಿ ಹರಡಿ ಎಣಿಸುವುದು. 240ರ ಬಾಕ್ಸಿನಲ್ಲಿ 260 ಬಂದರೆ ಸಣ್ಣ ಬೀಜ ಸೇರಿಕೊಂಡಿದೆ ಅಂತ ಅರ್ಥ. ಆ ಬಾಕ್ಸ್ ಮತ್ತೆ ಟೇಬಲಿಗೆ ಹೋಗುತ್ತದೆ. ಆದರೆ ಯಾವ ಟೇಬಲಿಗೆ? ಯಾರು ಗ್ರೇಡ್ ಮಾಡಿದ್ದು ಅಂತ ಗೊತ್ತೇ ಇರುತ್ತಿರಲಿಲ್ಲ. ಹಾಗಾಗಿ ತಪ್ಪು ಮತ್ತೆ ಮತ್ತೆ ಆಗುತ್ತಿತ್ತು. ಈ ಅಕ್ಕ ಮಾಡಿದ್ದು ಇಷ್ಟೇ: ಪ್ರತಿ ಟ್ರೇಯ ಜೊತೆ ಟೇಬಲ್ ನಂಬರ್ ಬರೆದ ಒಂದು ಚೀಟಿ ಇಡಿಸಿದರು. ಅದು ಬಾಕ್ಸಿನ ಹೊರಗೂ ಬರುವ ಹಾಗೆ ಮಾಡಿದರು. ತಪ್ಪು ಸಿಕ್ಕಿದಾಗ ಆ ಟೇಬಲಿನ ಹೆಂಗಸರ ಹತ್ತಿರವೇ ಹೋಗಿ, 240 ಮತ್ತು 320ರ ಮಾದರಿ ಬೀಜಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು.

ಫಲ ಏನಾಯಿತು ಅಂತ ಯಾರೂ ಬರೆದಿಡಲಿಲ್ಲ. ನೆನಪು ಹೀಗಿದೆ. ಮೊದಲು ಹತ್ತು ಬಾಕ್ಸ್ ತೆರೆದರೆ ಎರಡು, ಕೆಲವು ಸಲ ಮೂರು ವಾಪಸ್ ಹೋಗುತ್ತಿದ್ದವು. ಆಮೇಲೆ ಒಂದು, ಕೆಲವು ಸಲ ಒಂದೂ ಇಲ್ಲ.

ಇದನ್ನು ಶೇಕಡಾದಲ್ಲಿ ಎಷ್ಟು ಅಂತ ಹೇಳುತ್ತೀರಿ? ಸಭೆಯಲ್ಲಿ ಒಬ್ಬರು ಕೂಡಲೇ "ಶೇ 80" ಅಂದರು. ಅವರು ಎರಡೂವರೆಯಿಂದ ಅರ್ಧಕ್ಕೆ ಅಂತ ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪಲ್ಲ, ಆದರೆ ಇಷ್ಟು ಸಡಿಲವಾದ ನೆನಪು ಅಷ್ಟು ಗಟ್ಟಿ ಅಂಕಿಯನ್ನು ಹೊರುವುದಿಲ್ಲ. ಮೂರರಿಂದ ಸೊನ್ನೆಗೆ ಅಂತ ಹಿಡಿದರೆ ಶೇ 100 ಇಳಿಕೆ. ಎರಡರಿಂದ ಒಂದಕ್ಕೆ ಅಂತ ಹಿಡಿದರೆ ಶೇ 50. ಒಂದೇ ನೆನಪಿನಿಂದ 50ರಿಂದ 100ರವರೆಗೆ ಏನು ಬೇಕಾದರೂ ಬರುತ್ತದೆ.

ನಾನು ಇಲ್ಲಿ ಅನುಸರಿಸುವ ಪದ್ಧತಿ ಹೀಗೆ. ಮೊದಲಿನ ಸ್ಥಿತಿಗೆ ನಿಮ್ಮ ನೆನಪಿನ ಅತಿ ಒಳ್ಳೆಯ ಅಂಕಿ ತೆಗೆದುಕೊಳ್ಳಿ. ಆಮೇಲಿನ ಸ್ಥಿತಿಗೆ ಅತಿ ಕೆಟ್ಟ ಅಂಕಿ. ಅಂದರೆ ನಿಮಗೆ ಲಾಭ ಕಡಿಮೆ ಆಗುವ ಕಡೆಯಿಂದಲೇ ಲೆಕ್ಕ ಹಾಕಿ. ಇಲ್ಲಿ ಎರಡರಿಂದ ಒಂದಕ್ಕೆ. "ಕನಿಷ್ಠ ಅರ್ಧದಷ್ಟು ಇಳಿಯಿತು" ಅಂತ ಹೇಳಬಹುದು. ಈ ಮಾತು ಯಾವ ಪ್ರಶ್ನೆಗೂ ಅಲುಗಾಡುವುದಿಲ್ಲ. ಅದಕ್ಕಿಂತಲೂ ನನಗೆ ಇಷ್ಟ ಆಗುವುದು ಶೇಕಡಾ ಬಿಟ್ಟು, ಕಂಡದ್ದನ್ನು ಹಾಗೇ ಬರೆಯುವುದು: "ಹತ್ತು ಬಾಕ್ಸ್ ತಪಾಸಣೆಯಲ್ಲಿ 2–3 ವಾಪಸ್ ಹೋಗುತ್ತಿದ್ದದ್ದು ಹೆಚ್ಚೆಂದರೆ 1ಕ್ಕೆ ಇಳಿಯಿತು." ಓದುವವರಿಗೆ ಮೊದಲೂ ಕಾಣುತ್ತದೆ, ಆಮೇಲಿನದೂ ಕಾಣುತ್ತದೆ. ಬರೀ "ಶೇ 50" ಅಂದರೆ ನೂರರಿಂದ ಐವತ್ತಕ್ಕೋ, ಎರಡರಿಂದ ಒಂದಕ್ಕೋ ಅಂತ ಹೇಗೆ ಗೊತ್ತಾಗಬೇಕು? ಎಣಿಸಿದ್ದು ಬೆರಳೆಣಿಕೆಯಷ್ಟೇ ಆಗಿದ್ದರೆ ಶೇಕಡಾ ಬಳಸಬೇಡಿ.

ಶೇಕಡಾ ಬಳಸುವವರು ಇನ್ನೊಂದು ಕಡೆ ಜಾರುತ್ತಾರೆ. ಒಡೆಯದೆ ಉಳಿದ ಇಡೀ ತಿರುಳು ಶೇ 60 ಇದ್ದದ್ದು ಶೇ 66 ಆಯಿತು ಅಂತಿಟ್ಟುಕೊಳ್ಳಿ. ಕೆಲವರು "ಶೇ 6 ಹೆಚ್ಚಳ" ಅನ್ನುತ್ತಾರೆ, ಕೆಲವರು "ಶೇ 10 ಹೆಚ್ಚಳ" ಅನ್ನುತ್ತಾರೆ, ಯಾಕೆಂದರೆ 60ರ ಮೇಲೆ 6 ಅಂದರೆ ಶೇ 10. ಈ ಗೊಂದಲವೇ ಬೇಡ. "60ರಿಂದ 66ಕ್ಕೆ" ಅಂತ ಎರಡೂ ಅಂಕಿ ಬರೆದುಬಿಡಿ.

ಮೊದಲು ಮತ್ತು ಆಮೇಲೆ ಅಂತ ಹೋಲಿಸುವಾಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಬೇರೆ. ಆ ಬದಲಾವಣೆ ನಿಮ್ಮ ಕೆಲಸದಿಂದಲೇ ಆಯಿತಾ? ಚೀಟಿ ಪದ್ಧತಿ ಶುರುವಾದ ಹೊತ್ತಿನಲ್ಲೇ ಬೇರೆ ಏನು ಬದಲಾಯಿತು ಅಂತ ನೋಡಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲವನ್ನು ಮರೆಯುವ ಹಾಗಿಲ್ಲ. ಬೋರ್ಮಾದಲ್ಲಿ ಒಣಗಿಸಿದ ತಿರುಳು ಜೂನ್, ಜುಲೈ ಗಾಳಿಯಲ್ಲಿ ತೇವ ಎಳೆದುಕೊಳ್ಳುತ್ತದೆ. ಆಗ ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ. ಹೆಚ್ಚು ಒಣಗಿದರೆ ತಿರುಳು ಒಡೆಯುತ್ತದೆ. ಹಾಗಾಗಿ ಜುಲೈ ತಿಂಗಳನ್ನು ಜನವರಿಗೆ ಹೋಲಿಸಿ "ಸುಧಾರಿಸಿದೆ" ಅಂದರೆ ಅದರಲ್ಲಿ ಎಷ್ಟು ಪಾಲು ಬಿಸಿಲಿನದ್ದು, ಎಷ್ಟು ಪಾಲು ನಿಮ್ಮದು ಅಂತ ಹೇಳಲು ಆಗುವುದಿಲ್ಲ. ಮಳೆಗಾಲಕ್ಕೆ ಮಳೆಗಾಲವನ್ನೇ ಹೋಲಿಸಿ.

ಎರಡನೆಯದು ಬೀಜ. ಊರಿನ ಬೀಜ ಸಾಲದೆ ನಮ್ಮ ಫ್ಯಾಕ್ಟರಿಗಳು ಆಫ್ರಿಕಾ ದೇಶಗಳಿಂದ ತರಿಸುತ್ತವೆ. ಲಾಟ್ ಬದಲಾದರೆ ಗಾತ್ರ ಬದಲಾಗುತ್ತದೆ. ಒಂದೇ ಗಾತ್ರದ ಬೀಜ ಜಾಸ್ತಿ ಇರುವ ಲಾಟ್ ಬಂದರೆ ಗ್ರೇಡಿಂಗ್ ತಪ್ಪು ತಾನಾಗಿ ಕಡಿಮೆಯಾಗುತ್ತದೆ. ಮೂರನೆಯದು ಯಂತ್ರ. ಆಸುಪಾಸಿನ ತಿಂಗಳಲ್ಲೇ ಗಾತ್ರ ಬೇರೆ ಮಾಡುವ ಹೊಸ ಯಂತ್ರ ಬಂದಿದ್ದರೆ ಅದರ ಹೆಸರು ಹೇಳದೆ ಪೂರ್ತಿ ಹೆಗ್ಗಳಿಕೆ ತೆಗೆದುಕೊಳ್ಳುವುದು ಸರಿಯಲ್ಲ. "ಹೊಸ ಯಂತ್ರ ಮತ್ತು ಟೇಬಲ್ ಚೀಟಿ ಪದ್ಧತಿ ಬಂದ ಮೇಲೆ" ಅಂತ ಎರಡನ್ನೂ ಬರೆಯಿರಿ. ನಿಮ್ಮ ಪಾಲು ಯಾವುದು ಅಂತ ಅದರಲ್ಲೇ ಕಾಣುತ್ತದೆ.

ಇದೆಲ್ಲ ನೋಡಿದ ಮೇಲೆ, ತಿಂಗಳುಗಳನ್ನು ಹೇಗೆ ನೆನಪು ಮಾಡಿಕೊಳ್ಳುವುದು? ತಾರೀಕು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. "ಚೀಟಿ ಶುರು ಮಾಡಿದ್ದು ಪರ್ಯಾಯ ಮುಗಿದ ಮೇಲೆ" ಅಂದರೆ ಉಡುಪಿಯವರಿಗೆ ಅಷ್ಟು ಸಾಕು. ಪರ್ಯಾಯ ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. 2022, 2024, ಹೀಗೆ. ಬೋನಸ್ ಯಾವಾಗ ಸಿಕ್ಕಿತು, ಆ ವರ್ಷ ಯಾರ ಮದುವೆ ಆಯಿತು, ಇವೂ ಆಗುತ್ತವೆ. ಜೊತೆಗೆ ಕೆಲಸ ಮಾಡಿದವರಿಗೆ ಫೋನ್ ಮಾಡಿ. ಆದರೆ ನಿಮ್ಮ ಅಂಕಿಯನ್ನು ಮೊದಲು ಹೇಳಬೇಡಿ. "ಮುಂಚೆ ಹತ್ತರಲ್ಲಿ ಎರಡು ಮೂರು ವಾಪಸ್ ಬರ್ತಿತ್ತಲ್ವಾ?" ಅಂದರೆ "ಹೌದಕ್ಕ" ಅಂತಲೇ ಹೇಳುತ್ತಾರೆ. "ಎಷ್ಟು ವಾಪಸ್ ಬರ್ತಿತ್ತು ನಿಂಗೆ ನೆನಪುಂಟಾ?" ಅಂತ ಕೇಳಿ ಸುಮ್ಮನಿರಿ.

ಹಳೆಯ ಫ್ಯಾಕ್ಟರಿಯ ಕಾಗದ ಪತ್ರ, ಗಿರಾಕಿಗಳ ಪಟ್ಟಿ, ದರದ ಫೋಟೊ ಇವನ್ನು ಮಾತ್ರ ಲೆಕ್ಕಕ್ಕೆ ಬೇಕು ಅಂತ ತೆಗೆದುಕೊಂಡು ಹೋಗಬೇಡಿ. ಅದು ನಿಮ್ಮದಲ್ಲ. ಒಟ್ಟು ಉತ್ಪಾದನೆ ಹೊರಗೆ ಹೇಳಬಾರದು ಅಂತ ಅಲ್ಲಿ ನಿಯಮ ಇದ್ದರೆ ಟನ್ ಲೆಕ್ಕ ಬಿಟ್ಟು ತಂಡದ ಗಾತ್ರ ಹೇಳಿ.

ಈಗ ಆ ಒಂದು ಸಾಲು ಹೇಗಾಯಿತು ನೋಡಿ:

"ಗ್ರೇಡಿಂಗ್ ಮತ್ತು ಪ್ಯಾಕಿಂಗ್‌ನಲ್ಲಿ 25–30 ಜನರ ತಂಡ ನೋಡಿಕೊಂಡಿದ್ದೇನೆ. ಸಾಧಾರಣ ದಿನಗಳಲ್ಲಿ ದಿನಕ್ಕೆ ಅಂದಾಜು 1.2ರಿಂದ 1.5 ಟನ್ ತಿರುಳು. ಟೇಬಲ್‌ವಾರು ಚೀಟಿ ಪದ್ಧತಿ ಶುರು ಮಾಡಿದೆ. ಲೋಡ್‌ಗೆ ಮುಂಚಿನ ತಪಾಸಣೆಯಲ್ಲಿ ಹತ್ತರಲ್ಲಿ 2–3 ಬಾಕ್ಸ್ ವಾಪಸ್ ಹೋಗುತ್ತಿದ್ದದ್ದು ಹೆಚ್ಚೆಂದರೆ 1ಕ್ಕೆ ಇಳಿಯಿತು (ನನ್ನ ಅಂದಾಜು, ಮಳೆಗಾಲಕ್ಕೆ ಮಳೆಗಾಲ ಹೋಲಿಸಿ)."

"25–30 ಜನ" ಎಲ್ಲಿಂದ ಬಂತು? ಹಾಜರಿ ಕರೆಯುತ್ತಿದ್ದದ್ದು ಅವರೇ. ಪಟ್ಟಿಯಲ್ಲಿ 30 ಹೆಸರು, ರಜೆ ಹಾಕಿದವರನ್ನು ಬಿಟ್ಟರೆ ದಿನಕ್ಕೆ 25ಕ್ಕೆ ಕಡಿಮೆ ಇರುತ್ತಿರಲಿಲ್ಲ. ಅಂದಾಜು ಅನ್ನುವ ಮಾತು ಒಂದೆರಡು ಕಡೆ ಸಾಕು, ಪ್ರತಿ ಸಾಲಿಗೂ ಬೇಡ. 1.34 ಟನ್, ಶೇ 37 ಅಂತ ಬಿಡಿ ಅಂಕಿ ಕೂಡ ಬೇಡ. ಅಂಥ ಅಂಕಿ ಯಂತ್ರದಲ್ಲಿ ಅಳೆದವರ ಬಾಯಲ್ಲಿ ಮಾತ್ರ ಚೆಂದ. ಅಳೆಯದವರು ಹಾಗೆ ಬರೆದರೆ ಅದೂ ಒಂದು ಬಗೆಯ ಸುಳ್ಳು.

ಲೆಕ್ಕ ಮಾಡಿದ ಕಾಗದವನ್ನು ಮನೆಯಲ್ಲಿ ಜೋಪಾನವಾಗಿ ಇಡಿ. ಬಾಕ್ಸ್ ಎಷ್ಟು, ಗೋಣಿ ಎಷ್ಟು, ಯಾವ ತಿಂಗಳು, ಎಲ್ಲ ಅದರಲ್ಲಿರಲಿ. ಸಂದರ್ಶನಕ್ಕೆ ಹೋಗುವ ಹಿಂದಿನ ದಿನ ಓದಿಕೊಳ್ಳಿ. ಯಾಕೆಂದರೆ ಅಲ್ಲಿ ಖಂಡಿತ ಕೇಳುತ್ತಾರೆ: "ಈ 1.2 ಟನ್ ಹೇಗೆ ಬಂತಮ್ಮ?" ಆಗ "ವಾರಕ್ಕೆ ಎರಡು ಲೋಡ್ ಸರ್, ಒಂದಕ್ಕೆ 150ರಿಂದ 200 ಬಾಕ್ಸ್, ಬೇಯಿಸುವ ಗೋಣಿ ಲೆಕ್ಕದಲ್ಲೂ ಹತ್ತಿರವೇ ಬರ್ತದೆ" ಅಂತ ಹೇಳಿದರೆ ಮಾತು ಮುಂದುವರಿಯುತ್ತದೆ. ನಾನು ಅರ್ಜಿ ನೋಡುವ ಕಡೆ ಕೂತು ಹೇಳುತ್ತಿದ್ದೇನೆ, ಅಂಕಿಗಿಂತ ಅದು ಬಂದ ದಾರಿಯನ್ನು ಕೇಳಿದಾಗಲೇ ಆ ಕೆಲಸ ಮಾಡಿದವರು ಯಾರು ಅಂತ ತಿಳಿಯುವುದು.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಯುವಕ ಕೇಳಿದ್ದು: "ಸರ್, ನಾನು ಮಾಡಿದ್ದು ಅಂತ ಒಂದೂ ಇಲ್ಲ. ಎಲ್ಲ ತಂಡದಲ್ಲೇ ಮಾಡಿದ್ದು. ಆಗ ಅಂಕಿ ಯಾರದ್ದು?" ತಂಡದ ಅಂಕಿಯನ್ನು ತಂಡದ್ದು ಅಂತಲೇ ಬರೆಯಿರಿ, ಅದರ ಪಕ್ಕದಲ್ಲೇ ನಿಮ್ಮ ಕೈಯ ಕೆಲಸ ಬರೆಯಿರಿ ಅಂದೆ. "ನಾಲ್ಕು ಜನರ ತಂಡದಲ್ಲಿದ್ದೆ, ಬಿಲ್ ತಾಳೆ ನೋಡುವ ಭಾಗ ನನ್ನದು" ಅಂದರೆ ಮುಗಿಯಿತು. ತಂಡದ ಫಲವನ್ನು ನಾಲ್ಕರಿಂದ ಭಾಗಿಸಿ "ನನ್ನ ಪಾಲು ಶೇ 25" ಅನ್ನುವುದು ಅರ್ಥವಿಲ್ಲದ ಲೆಕ್ಕ.

ಹಿಂದಿನ ಸಾಲಿನಲ್ಲಿದ್ದ ಒಬ್ಬರು ಕೇಳಿದ್ದು: "ಅವರು ನನ್ನ ಹಳೆ ಮೇನೇಜರಿಗೆ ಫೋನ್ ಮಾಡಿ ವಿಚಾರಿಸಿದರೆ? ಅವರು ಬೇರೆ ಅಂಕಿ ಹೇಳಿದರೆ?" ಒಳ್ಳೆಯ ಪ್ರಶ್ನೆ. ಮೇನೇಜರು 1.3 ಟನ್ ಅಂದರೆ ನೀವು ಬರೆದ ಅಂತರದ ಒಳಗೇ ಉಂಟು. 1.1 ಅಂದರೂ ಅಷ್ಟು ಭಾರೀ ವ್ಯತ್ಯಾಸ ಅಲ್ಲ, ಅಂದಾಜು ಅಂತ ನೀವೇ ಬರೆದಿದ್ದೀರಿ. ಅರ್ಧ ಟನ್ ಅಂದರೆ ಮಾತ್ರ ನಿಮ್ಮ ಲೆಕ್ಕದಲ್ಲಿ ಏನೋ ದೊಡ್ಡದು ತಪ್ಪಿದೆ. ಆ ಭಯ ಇದ್ದರೆ ಅರ್ಜಿ ಹಾಕುವ ಮೊದಲೇ ಆ ಮೇನೇಜರಿಗೆ ನೀವೇ ಫೋನ್ ಮಾಡಿ. "ಸರ್, ಬಯೋಡೇಟಾದಲ್ಲಿ ಹೀಗೆ ಬರೀತಾ ಇದ್ದೇನೆ, ನಿಮ್ಮ ಲೆಕ್ಕಕ್ಕೆ ಸರಿ ಉಂಟಾ?" ಅಂತ ಕೇಳಿ. ಸರಿ ಅಂದರೆ ನಿಮ್ಮ ಅಂದಾಜಿಗೆ ಒಬ್ಬ ಸಾಕ್ಷಿ ಸಿಕ್ಕಿದ ಹಾಗೆ. ತಪ್ಪು ಅಂದರೆ ಸರಿಯಾದ ಅಂಕಿ ಅಲ್ಲೇ ಸಿಗುತ್ತದೆ.